ಕ್ರೇಟಿಗೆ ಒಂದು ಲೆಕ್ಕ, ಕೆಜಿಗೆ ಇನ್ನೊಂದು

ಬೆಂಗಳೂರಿನ ಆಫೀಸುಗಳಲ್ಲಿ ಊಟದ ಹೊತ್ತಿಗೆ ಆಗಾಗ ಕಿವಿಗೆ ಬೀಳುವ ಮಾತೊಂದಿದೆ. "ಮೀನಿನವರು ಮಾರ್ಕೆಟ್‌ನಲ್ಲಿ ಕೆಜಿಗೆ 140ಕ್ಕೆ ತಂದು ನಮಗೆ 220ಕ್ಕೆ ಮಾರ್ತಾರೆ. 80 ರೂಪಾಯಿ ಲಾಭ ಮಾರಾಯ! ನಾವ್ಯಾಕೆ ಕೋಡ್ ಬರೀತಾ ಕೂತಿದೀವಿ?" ಹೇಳುವವರು ನಗ್ತಾ ಹೇಳ್ತಾರೆ, ಕೇಳುವವರು ತಲೆ ಆಡಿಸ್ತಾರೆ. ಹೊನ್ನಾಳಿ ಕಡೆಯ ಹಳ್ಳಿಯಲ್ಲಿ ಬೆಳೆದ ನನಗೆ ನಗು ಬರಲ್ಲ. ಇವರೆಲ್ಲ ಇಂಜಿನಿಯರುಗಳು. ಭಾಗಾಕಾರದಲ್ಲಿ ಕೆಳಗಿನ ಸಂಖ್ಯೆ ಯಾವುದು ಅಂತ ಕೇಳದೇ ಉತ್ತರ ಹೇಳೋರನ್ನ ಕೋಡ್ ರಿವ್ಯೂನಲ್ಲಿ ಇವರೇ ಬಿಡಲ್ಲ.

ಒಂದು ಕ್ರೇಟ್ ಬಂಗುಡೆ ತಗೊಳ್ಳಿ. ದರಗಳು ದಿನಕ್ಕೊಂದು ಥರ ಇರುತ್ತವೆ, ಹಾಗಾಗಿ ಇಲ್ಲಿರುವ ಅಂಕಿಗಳು ನಾನು ಲೆಕ್ಕಕ್ಕಾಗಿ ಇಟ್ಟುಕೊಂಡವು. ನಿಮ್ಮೂರಿನ ದರ ಗೊತ್ತಿದ್ದರೆ ಅದನ್ನೇ ಹಾಕಿಕೊಳ್ಳಿ, ಲೆಕ್ಕದ ದಾರಿ ಬದಲಾಗಲ್ಲ. "30 ಕೆಜಿ ಕ್ರೇಟ್" 4,200 ರೂಪಾಯಿಗೆ ಸಿಕ್ಕಿತು ಅನ್ನೋಣ. ಊಟದ ಟೇಬಲ್ಲಿನ ಲೆಕ್ಕದಲ್ಲಿ 30 ಕೆಜಿಯನ್ನೂ 220ರಂತೆ ಮಾರಿದರೆ 6,600 ಬರುತ್ತೆ, ಲಾಭ 2,400.

ಈಗ ಕ್ರೇಟ್ ಬಿಚ್ಚಿ. ಮೀನಿನ ಜೊತೆ ಐಸೂ ಇದೆ, ಕರಗಿದ ನೀರೂ ಇದೆ. ಬಸಿದು ತಕ್ಕಡಿಗಿಟ್ಟರೆ ಮೀನು 28 ಕೆಜಿ. ಕೆಳಗಿನ ಸಾಲಿನದು ಮೇಲಿನ ಭಾರಕ್ಕೆ ಜಜ್ಜಿ ಹೊಟ್ಟೆ ಒಡೆದಿರುತ್ತೆ, ಅದು ಒಂದು ಕೆಜಿ ಬಿಟ್ಟುಬಿಡಿ. ಇನ್ನೊಂದು ಕೆಜಿ ಯಾರ ಕಣ್ಣಿಗೂ ಬೀಳದೇ ತಕ್ಕಡಿಯಲ್ಲೇ ಹೋಗುತ್ತೆ. ಮೀನನ್ನ ಅರ್ಧಕ್ಕೆ ಕತ್ತರಿಸಿ ತೂಕ ಸರಿ ಮಾಡೋಕಾಗಲ್ಲ. ಕಡಿಮೆ ತೂಗಿದರೆ ಗಿರಾಕಿ ಬಿಡಲ್ಲ, ಹಾಗಾಗಿ ಪ್ರತಿ ಸಲ ಮುಳ್ಳು ಗಿರಾಕಿ ಕಡೆಗೇ ವಾಲುತ್ತೆ. ಮಾರೋಕೆ ಉಳಿದದ್ದು 26 ಕೆಜಿ.

ಆ 26 ಕೆಜಿಯೂ ಒಂದೇ ದರಕ್ಕೆ ಹೋಗಲ್ಲ. ಬೆಳಗ್ಗೆ 19 ಕೆಜಿ 220ರಂತೆ ಹೋಯ್ತು, 4,180 ಬಂತು. ಸಂಜೆ ಕಣ್ಣು ಸ್ವಲ್ಪ ಮಂಕಾದ 4 ಕೆಜಿ 180ರಂತೆ 720. ಮಾರನೇ ದಿನ ಉಳಿದ 3 ಕೆಜಿ 120ರಂತೆ 360. ಒಟ್ಟು 5,260. ಇದರಲ್ಲಿ ಕ್ರೇಟಿನ 4,200 ಕಳೆದರೆ 1,060 ಉಳೀತು. ಎರಡು ದಿನಕ್ಕೆ 30 ಕೆಜಿ ಐಸ್ ಬೇಕು, ಕೆಜಿಗೆ 6 ರೂಪಾಯಿಯಂತೆ 180. ಲಗೇಜ್ ಆಟೋಗೆ 150. ಕವರು, ಜಾಗದ ಸುಂಕ ಅಂತ 80. ಕೈಗೆ ಸಿಕ್ಕಿದ್ದು 650 ರೂಪಾಯಿ. ಬೆಳಗಿನ ಜಾವ ಎದ್ದು ಸಗಟು ಮಾರ್ಕೆಟ್ಟಿಗೆ ಹೋದದ್ದರಿಂದ ಹಿಡಿದು ಮಾರನೇ ದಿನ ಕೊನೆಯ ಮೀನು ಹೋಗುವವರೆಗಿನ ದುಡಿಮೆಗೆ ಇಷ್ಟು. ಬಂಡವಾಳ ಬಡ್ಡಿಗೆ ತಂದಿದ್ದರೆ ಅದನ್ನೂ ಇದರಲ್ಲೇ ಕಳೀಬೇಕು.

ಒಟ್ಟು ಖರ್ಚು 4,610. ಅದನ್ನ ಕೊಂಡ 30 ಕೆಜಿಯಿಂದಲ್ಲ, ಮಾರಿದ 26 ಕೆಜಿಯಿಂದ ಭಾಗಿಸಿ. ಕೆಜಿಗೆ ಅಸಲು 177 ರೂಪಾಯಿ ಚಿಲ್ಲರೆ. ಸಂಜೆಯ ದರ, ಮಾರನೇ ದಿನದ ದರ ಎಲ್ಲ ಸೇರಿ ಸರಾಸರಿ ಸಿಕ್ಕಿದ್ದು 202. ನಡುವಿನ ಅಂತರ 25 ರೂಪಾಯಿ. ನೀವು ಹೇಳಿದ 80 ಎಲ್ಲಿ, ಈ 25 ಎಲ್ಲಿ? "ಅಕ್ಕಾ, 200 ಮಾಡ್ಕೊಳ್ರಿ" ಅಂತ ಕೇಳ್ತೀವಲ್ಲ, ಬೆಳಗಿನ 19 ಕೆಜಿಗೂ ಎಲ್ಲರೂ ಹಾಗೇ ಕೇಳಿ ಆಕೆ ಒಪ್ಪಿದರೆ 380 ರೂಪಾಯಿ ಹೋಯ್ತು. ನಮಗದು 20 ರೂಪಾಯಿ. ಆಕೆಗೆ ದಿನದ ದುಡಿಮೆಯಲ್ಲಿ ಅರ್ಧಕ್ಕಿಂತ ಹೆಚ್ಚು.

ಇದಕ್ಕೆ ನಮ್ಮ ಬುದ್ಧಿವಂತರ ಉತ್ತರ ರೆಡಿ ಇರುತ್ತೆ, "ಐಸ್ ಖರ್ಚು ಕಡಿಮೆ ಮಾಡ್ಬೇಕು." ಮಾಡಿ ನೋಡಿ. ಐಸ್ ಅರ್ಧ ಮಾಡಿದರೆ 90 ರೂಪಾಯಿ ಉಳಿಯುತ್ತೆ. ಅದರಿಂದ ಒಂದೇ ಒಂದು ಕೆಜಿ ಹೆಚ್ಚು ಕೆಟ್ಟರೂ 220 ಹೋಗುತ್ತೆ. ಅದೂ ಬಂಗುಡೆಯಲ್ಲಿ ಐಸ್ ಬರೀ ವಾಸನೆಯ ಪ್ರಶ್ನೆಯಲ್ಲ. ಈ ಜಾತಿಯ ಮೀನು ಬಿಸಿಲಲ್ಲಿ ಕೂತರೆ ಅದರಲ್ಲಿ ಹಿಸ್ಟಮಿನ್ ಹುಟ್ಟುತ್ತೆ. ಒಮ್ಮೆ ಹುಟ್ಟಿದರೆ ಎಷ್ಟು ಕುದಿಸಿದರೂ ಹೋಗಲ್ಲ. ತಿಂದವರಿಗೆ ಮುಖ ಕೆಂಪಾಗಿ ತುರಿಕೆ ಏಳುತ್ತೆ, ತಲೆನೋವು ಬರುತ್ತೆ. ಐಸ್ ಉಳಿಸಿ ಅಂತ ಸಲಹೆ ಕೊಡೋರು ಆ ಮೀನನ್ನ ಮೊದಲು ತಮ್ಮ ಮನೆಗೇ ಒಯ್ಯಲಿ. ಖರ್ಚು ಇಳಿಸೋಕೆ ದಾರಿ ಇಲ್ಲ ಅಂತಲ್ಲ. ತೆರೆದ ಕ್ರೇಟಿನ ಬದಲು ಮುಚ್ಚಳವಿರೋ ಥರ್ಮಾಕೋಲ್ ಡಬ್ಬಿ, ಕರಗಿದ ನೀರು ಹೊರಹೋಗೋಕೆ ತಳದಲ್ಲೊಂದು ತೂತು, ಮೇಲೆ ಒದ್ದೆ ಗೋಣಿಚೀಲ, ಇಷ್ಟಿದ್ದರೆ ಅದೇ ಐಸ್ ಹೆಚ್ಚು ಹೊತ್ತು ಬರುತ್ತೆ.

ಚನ್ನಗಿರಿಯವರು ಇಲ್ಲಿ ಮಾತು ತೆಗೀತಾರೆ, "ನಮಗೆ ಸೂಳೆಕೆರೆ ಐತೆ, ಮೀನು ತಾಜಾ, ಐಸ್ ಯಾಕೆ?" ಹೊನ್ನಾಳಿ, ನ್ಯಾಮತಿಯವರು ತುಂಗಭದ್ರೆ ತೋರಿಸ್ತಾರೆ. ಸರಿ, ದೂರದ ಸಾಗಾಟದ ಖರ್ಚು ಅವರಿಗೆ ಕಡಿಮೆ. ಆದರೆ ಕೆರೆಯಿಂದ ಬಂದ ಕಾಟ್ಲಾ ನೀರಿನಷ್ಟೇ ಬೆಚ್ಚಗಿರುತ್ತೆ. 28 ಡಿಗ್ರಿಯ 10 ಕೆಜಿ ಮೀನನ್ನ ಸೊನ್ನೆಯ ಹತ್ತಿರಕ್ಕೆ ಇಳಿಸೋಕೇ ಹತ್ತಿರ ಹತ್ತಿರ 3 ಕೆಜಿ ಐಸ್ ಕರಗಿಹೋಗುತ್ತೆ. ಒಂದು ಕೆಜಿ ಐಸ್ ಕರಗುವಾಗ 80 ಕಿಲೋಕ್ಯಾಲರಿ ಹೀರುತ್ತೆ ಅಂತ ಪಿಯುಸಿಯಲ್ಲಿ ಓದಿದ್ದೇವಲ್ಲ, ಅದೇ ಲೆಕ್ಕ. ಅಲ್ಲಿಂದ ಮುಂದೆ ತಂಪು ಕಾಯೋಕೆ ಬೇಕಾದ ಐಸ್ ಬೇರೆ. ಜಗಳೂರಿನ ಕಥೆ ಇನ್ನೂ ಕಷ್ಟದ್ದು. ಅದು ಮಳೆ ಕಡಿಮೆಯ ಬಯಲುಸೀಮೆ, ಮೀನು ದೂರದಿಂದ ಬರಬೇಕು, ಬೇಸಿಗೆಯ ಬಿಸಿಲಿಗೆ ಐಸ್ ದಾರಿಯಲ್ಲೇ ಅರ್ಧ. ನಾಲ್ಕೂ ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳೇ, ಆದರೆ ಅದೇ ಕ್ರೇಟಿನಿಂದ ಮಾರೋಕೆ ಸಿಗೋ ಕೆಜಿ ಒಂದೊಂದು ಕಡೆ ಒಂದೊಂದು.

ಇನ್ನು ವಾರದ ದಿನಗಳು. ಭಾನುವಾರ ಬೆಳಗ್ಗೆಯೇ ಖಾಲಿ. ಸೋಮವಾರ, ಶನಿವಾರ ಎಷ್ಟೋ ಮನೆಗಳಲ್ಲಿ ಮೀನು ಬೇಯಲ್ಲ, ಶ್ರಾವಣ ಬಂದರೆ ಕೇಳೋದೇ ಬೇಡ. ಕ್ರೇಟ್ ಮಾತ್ರ ಅರ್ಧ ಸಿಗಲ್ಲ. ಬೆಳಗಿನ 19ರಲ್ಲಿ 8 ಕೆಜಿ ಉಳಿದು ಮಾರನೇ ದಿನ 120ಕ್ಕೆ ಹೋಯ್ತು ಅನ್ನಿ. 800 ರೂಪಾಯಿ ಕಡಿಮೆ ಬಂತು, 650 ಹೋಗಿ 150 ಮೈಮೇಲೆ ಬಂತು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುವಾಗ ಕ್ರೇಟಿನ ದರವೇ ಏರುತ್ತೆ. ಆಗ ಒಂದು ಕೆಜಿ ಕೆಟ್ಟರೂ ಪೆಟ್ಟು ಇನ್ನೂ ದೊಡ್ಡದು.

"ಆಪ್‌ನಲ್ಲಿ ರೇಟ್ ಫಿಕ್ಸ್, ಮೋಸ ಇಲ್ಲ" ಅನ್ನೋರಿಗೂ ಒಂದು ಮಾತು. ಅಲ್ಲಿ ತಲೆ, ಕರುಳು ತೆಗೆದ ಮೇಲಿನ ತೂಕಕ್ಕೆ ದರ, ಅಕ್ಕನ ಹತ್ತಿರ ಇಡೀ ಮೀನಿಗೆ ದರ. ಎರಡನ್ನೂ ಪಕ್ಕಪಕ್ಕ ಇಟ್ಟು ಯಾರದು ದುಬಾರಿ ಅಂತ ಕೇಳೋದಾದರೆ ಮೊದಲು ಕೆಜಿ ಅಂದರೆ ಏನು ಅಂತ ತೀರ್ಮಾನ ಮಾಡಿಕೊಳ್ಳಿ.

ನನಗೆ ನಿಜಕ್ಕೂ ಸಿಟ್ಟು ಬರೋದು ಬೇರೆ ಕಡೆ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಪ್ರಕಾರ ಅಕ್ಕನ ತಕ್ಕಡಿಗೆ, ಬೊಟ್ಟಿಗೆ ಮುದ್ರೆ ಬೀಳಬೇಕು. ಇಲ್ಲದಿದ್ದರೆ ದಂಡ. ಒಳ್ಳೆಯದೇ. ಆದರೆ ಆಕೆ ಕೊಳ್ಳುವಾಗ ಕ್ರೇಟ್ ಅನ್ನೋದು ಕಣ್ಣಳತೆ, ಹರಾಜಿನ ಗಲಾಟೆಯಲ್ಲಿ ಒಳಗೆ ಐಸೆಷ್ಟು ಮೀನೆಷ್ಟು ಅಂತ ಬಿಚ್ಚಿ ನೋಡೋಕೆ ಪುರುಸೊತ್ತಿಲ್ಲ. ಕೆಜಿಗೆ ಮಾರೋಳು ಕೆಜಿಗೇ ಕೊಳ್ಳುವಂತಾಗಲಿ. ಸಗಟು ಮಾರ್ಕೆಟ್ಟಿನಲ್ಲಿ ಐದು ನಿಮಿಷ ನೀರು ಬಸಿದು, ಖಾಲಿ ಕ್ರೇಟಿನ ತೂಕ ಕಳೆದು, ಉಳಿದ ಮೀನಿಗೆ ದರ ಹೇಳಲಿ. ಅದಕ್ಕೆ ಬೇಕಾಗಿರೋದು ಒಂದು ಪ್ಲಾಟ್‌ಫಾರ್ಮ್ ತಕ್ಕಡಿ, ಒಂದು ಜಾಲರಿ ಮೇಜು. ಮೇಲಿನ ಲೆಕ್ಕದಲ್ಲಿ ಆಕೆ ಮೀನಿನ ದರ ಕೊಟ್ಟು ಕೊಂಡ ಆ ಎರಡು ಕೆಜಿ ನೀರಿಗೇ 280 ರೂಪಾಯಿ.