ತಾಡಪಾಲಿನ ಇನ್‌ವಾಯ್ಸ್ ಫೋಟೋ ನೋಡಿ ದುಡ್ಡು ಕೂಡಿಸಬ್ಯಾಡ್ರಿ

ಕುರುಗೋಡು ಕಡೆ ಮೆಣಸಿನಕಾಯಿ ಕಣಕ್ಕೆ, ಸಿರುಗುಪ್ಪ ಕಡೆ ಭತ್ತ ಒಣಗಿಸೋಕೆ ತಾಡಪಾಲು ಬೇಕೇ ಬೇಕು. ನಮ್ಮ ಗುಂಪಿನವರೊಬ್ಬರು ಚೀನಾದ ಇನ್‌ವಾಯ್ಸ್ ಫೋಟೋ ಕಳಿಸಿ, "ಅಣ್ಣ, ಚದರ ಅಡಿಗೆ 4 ರೂಪಾಯಿ ಚಿಲ್ಲರೆ ಬೀಳುತ್ತೆ, ಬಳ್ಳಾರಿ ಅಂಗಡೀಲಿ 6 ಐತಿ. ಎಲ್ಲರೂ ಸೇರಿ ತರಿಸೋಣ" ಅಂದ್ರು. ನಾನು ಬ್ಯಾಡ ಅಂದೆ. ಯಾಕಂದ್ರೆ ಲೆಕ್ಕ ಹಿಂಗೈತಿ ನೋಡ್ರಿ.

ಫೋಟೋದಾಗ 5 ಮೀಟರ್ × 6 ಮೀಟರ್ ಹಾಳೆ 400 ಇದ್ವು. ಒಂದಕ್ಕೆ 30 ಚದರ ಮೀಟರ್, ಒಟ್ಟು 12,000. ದರದ ಅಂಕಿ ಮಸುಕಾಗಿ 0.50 ಡಾಲರೋ 0.80 ಡಾಲರೋ ತಿಳೀತಿರಲಿಲ್ಲ. ಕೆಳಗಿನ ಮೊತ್ತ 6,000 ಡಾಲರ್ ಇತ್ತು, ಅದನ್ನ 12,000ರಿಂದ ಭಾಗಿಸಿದ್ರೆ 0.50. ಫೋಟೋ ಓದುವಾಗ ಹಿಂಗೆ ತಾಳೆ ನೋಡದೆ ಮುಂದಕ್ಕೆ ಹೋಗಬಾರದು.

ಡಾಲರ್‌ಗೆ 90 ರೂಪಾಯಿ ಹಿಡಿದ್ರೆ ಚದರ ಮೀಟರ್‌ಗೆ 45. ಒಂದು ಚದರ ಮೀಟರ್ ಅಂದ್ರೆ 10.764 ಚದರ ಅಡಿ, ಹಂಗಾಗಿ ಅಡಿಗೆ 4.18. ಅವರು ನಿಂತಿದ್ದು ಇಲ್ಲಿಗೇ. ಆದ್ರೆ ಮೊತ್ತದ ಪಕ್ಕದಾಗ ಎಫ್‌ಒಬಿ ಅಂತಿತ್ತು. ಅಂದ್ರೆ ಅದು ಚೀನಾದ ಬಂದರಿನಲ್ಲಿ ಹಡಗಿಗೆ ಹತ್ತಿಸೋವರೆಗಿನ ಬೆಲೆ ಅಷ್ಟೇ.

ಹಡಗಿನ ಬಾಡಿಗೆ, ವಿಮೆ 600 ಡಾಲರ್ ಅಂತ ಇಟ್ಕೊಳ್ರಿ. 6,600 ಡಾಲರ್ ಅಂದ್ರೆ 5,94,000 ರೂಪಾಯಿ. ಸುಂಕ ಎಚ್‌ಎಸ್ ಕೋಡ್ ನೋಡಿ ಬೀಳುತ್ತೆ, ಕಸ್ಟಮ್ಸ್ ಬ್ರೋಕರ್ ಹತ್ರ ಬರೆಸಿಕೊಳ್ಳಬೇಕು. ಲೆಕ್ಕಕ್ಕೆ 10% ಇಟ್ಟೆ: 59,400. ಆ ಸುಂಕದ ಮೇಲೆ 10% ಸಮಾಜ ಕಲ್ಯಾಣ ಸರ್ಚಾರ್ಜ್ 5,940. ಇವೆಲ್ಲ ಕೂಡಿದ 6,59,340ರ ಮೇಲೆ ಐಜಿಎಸ್‌ಟಿ ಬೀಳುತ್ತೆ. ಅದನ್ನ 18% ಅಂತ ಹಿಡಿದ್ರೆ 1,18,681. ಬಂದರಿನ ಖರ್ಚು, ಬ್ರೋಕರ್, ಬಳ್ಳಾರಿವರೆಗೆ ಲಾರಿ ಸೇರಿ 62,000 ಅಂದ್ರೂ ಒಟ್ಟು 8,40,021. ಚದರ ಮೀಟರ್‌ಗೆ 70, ಅಡಿಗೆ 6.50. ಅಂಗಡಿಗಿಂತ ಎಂಟಾಣೆ ಜಾಸ್ತಿನೇ ಆತು!

ಹಂಗಾದ್ರೆ ವ್ಯಾಪಾರಿಗೆ ಹೆಂಗೆ ಗಿಟ್ಟುತ್ತೆ? ಜಿಎಸ್‌ಟಿ ನೋಂದಣಿ ಇದ್ದವರಿಗೆ ಬಂದರಿನಾಗ ಕಟ್ಟಿದ ಐಜಿಎಸ್‌ಟಿ ಕ್ರೆಡಿಟ್ ಆಗುತ್ತೆ. ಅದನ್ನ ಬಿಟ್ರೆ ಅವರ ಖರ್ಚು ಅಡಿಗೆ ಸುಮಾರು 5.58. ನೋಂದಣಿ ಇಲ್ಲದ ರೈತನಿಗೆ ಆ ದುಡ್ಡು ವಾಪಸ್ ಬರಲ್ಲ, ಬೆಲೆಯಲ್ಲೇ ಸೇರುತ್ತೆ. ಅವರ ಲೆಕ್ಕ ಬೇರೆ, ನಮ್ಮ ಲೆಕ್ಕ ಬೇರೆ.

ಇನ್ನೊಂದು ಮಾತು. ಇನ್‌ವಾಯ್ಸ್‌ನಾಗ 250 ಜಿಎಸ್‌ಎಂ ಅಂತ ಬರೆದಿತ್ತು, ಅಂದ್ರೆ ಒಂದು ಚದರ ಮೀಟರ್ ತಾಡಪಾಲು 250 ಗ್ರಾಂ ತೂಗಬೇಕು. ಪ್ಯಾಕಿಂಗ್ ಲಿಸ್ಟ್‌ನಾಗ ನಿವ್ವಳ ತೂಕ 2,400 ಕಿಲೋ ಇತ್ತು. ಅದನ್ನ 12,000 ಚದರ ಮೀಟರ್‌ಗೆ ಭಾಗಿಸಿದ್ರೆ ಬರೋದು 200 ಗ್ರಾಂ ಮಾತ್ರ. 250ರ ದರ ಕೊಟ್ಟು 200ರ ಮಾಲು ತರಿಸ್ತಿದ್ವಿ. ಈ ಲೆಕ್ಕಕ್ಕೆ ಡಬ್ಬ, ಹಗ್ಗ ಸೇರಿದ ಒಟ್ಟು ತೂಕ ಹಿಡಿಯಬ್ಯಾಡ್ರಿ, ನಿವ್ವಳ ತೂಕನೇ ಹಿಡೀರಿ.

ಫೋಟೋ ಕಳಿಸಿದವರಿಗೆ ಇದನ್ನೆಲ್ಲ ಹಾಳೆ ಮೇಲೆ ಬರೆದು ತೋರಿಸಿದೆ. "ಅಡ್ವಾನ್ಸ್ ಹಾಕಿಬಿಡ್ತಿದ್ವಲ್ಲಣ್ಣ" ಅಂದ್ರು. ಈ ಸಲ ಅಂಗಡೀಲೇ ತಗೊಂತೀವಿ, ಆದ್ರೆ ತೂಗಿಸಿ ತಗೊಂತೀವಿ.