ಯಾವ ಲೆಕ್ಕಕ್ಕೂ ಸೇರದ ಆರು ವರ್ಷಗಳು

ಪುಣೆಯಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಮಗನಿಗೋ ಅಳಿಯನಿಗೋ ಪರದೇಶದ ನೌಕರಿಯ ಕರೆ ಬಂದಾಗ ಮನೆಮಂದಿಯೆಲ್ಲ ಮೊದಲು ಕೇಳುವುದು ವೇತನವೆಷ್ಟೆಂದು. ಡಾಲರನ್ನು ರೂಪಾಯಿಗೆ ಪರಿವರ್ತಿಸಿ ನೋಡಿದ ಮೇಲೆ ಚರ್ಚೆ ಮುಗಿದಂತೆಯೇ. ಆ ಲಾಭ ನಿಜವಾದುದು. ಅದನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಐದಾರು ವರ್ಷ ದುಡಿದು ಮರಳುವೆನೆಂದು ಹೊರಡುವವರು, ಆ ವರ್ಷಗಳು ಯಾವ ದೇಶದ ಲೆಕ್ಕದಲ್ಲಿ ಸೇವೆಯೆಂದು ಉಳಿಯುವುವೆಂಬುದನ್ನು ವಿಚಾರಿಸದೆ ಹೊರಡಬಾರದೆಂಬುದು ನನ್ನ ಅಭಿಪ್ರಾಯ.

ಪಿಂಪ್ರಿಯ ಕಾರಖಾನೆಯೊಂದರಲ್ಲಿ 24ನೆಯ ವಯಸ್ಸಿಗೆ ಸೇರಿದ ಒಬ್ಬ ಎಂಜಿನಿಯರನನ್ನು ಕಲ್ಪಿಸಿಕೊಳ್ಳೋಣ. ಎಂಟು ವರ್ಷಗಳ ನಂತರ ರಾಜೀನಾಮೆಯಿತ್ತು ಆತ ಅಮೆರಿಕೆಗೆ ಹೋಗುತ್ತಾನೆ. ಅಲ್ಲಿ ಎಚ್-1ಬಿ ವೀಸಾದ ಸಾಮಾನ್ಯ ಅವಧಿ ಹೆಚ್ಚೆಂದರೆ ಆರು ವರ್ಷ. ಆದರೆ ಅಲ್ಲಿಯ ಸಾಮಾಜಿಕ ಭದ್ರತೆಯ ನಿವೃತ್ತಿವೇತನಕ್ಕೆ 40 ಕ್ರೆಡಿಟ್‌ಗಳು ಬೇಕು. ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ದೊರೆಯುವುದಿಲ್ಲವಾದ್ದರಿಂದ ಹತ್ತು ವರ್ಷಗಳ ದುಡಿಮೆ ಅವಶ್ಯ. ವರ್ಷಕ್ಕೆ 80,000 ಡಾಲರ್ ಗಳಿಸುವವನ ವೇತನದಿಂದ ಶೇಕಡಾ 6.2ರಂತೆ ಆರು ವರ್ಷಗಳಲ್ಲಿ ಸುಮಾರು 30,000 ಡಾಲರ್ ಕಡಿತವಾಗುತ್ತದೆ; ಮಾಲಿಕನೂ ಅಷ್ಟನ್ನೇ ತುಂಬುತ್ತಾನೆ. 24 ಕ್ರೆಡಿಟ್‌ಗಳೊಡನೆ ಊರಿಗೆ ಮರಳಿ ಇಲ್ಲಿಯೇ ಉಳಿದವನಿಗೆ ಅದರಿಂದ ನಿವೃತ್ತಿವೇತನವಿಲ್ಲ, ಕಟ್ಟಿದ ಹಣವೂ ಮರಳದು. ಎರಡು ದೇಶಗಳ ಸೇವಾವಧಿಯನ್ನು ಕೂಡಿಸುವ ಒಪ್ಪಂದ ಭಾರತ ಮತ್ತು ಅಮೆರಿಕೆಗಳ ನಡುವೆ ಇಲ್ಲದಿರುವುದೇ ಇದಕ್ಕೆ ಕಾರಣ.

ಇತ್ತ ಗ್ರಾಚ್ಯುಟಿಯ ಲೆಕ್ಕವೂ ತುಂಡಾಗುತ್ತದೆ. ಪ್ರತಿಯೊಂದು ಸೇವಾವರ್ಷಕ್ಕೆ ಕೊನೆಯ ಮಾಸಿಕ ವೇತನದ 26ರಲ್ಲಿ 15 ಪಾಲು ದೊರೆಯುವುದೆಂಬುದು ನಿಯಮ. ಬಿಟ್ಟು ಹೋಗುವಾಗ ಆತನ ಮೂಲವೇತನ 40,000 ರೂಪಾಯಿ ಇದ್ದರೆ ಎಂಟು ವರ್ಷಗಳಿಗೆ ಸುಮಾರು 1,85,000 ರೂಪಾಯಿ. ಮರಳಿ ಬಂದು ಬೇರೆ ಕಂಪನಿಯಲ್ಲಿ ಇಪ್ಪತ್ತು ವರ್ಷ ದುಡಿದು ಒಂದು ಲಕ್ಷದ ವೇತನದಲ್ಲಿ ನಿವೃತ್ತನಾದರೆ ಮತ್ತೆ ಹನ್ನೊಂದೂವರೆ ಲಕ್ಷ. ಅದೇ ಕೊನೆಯ ವೇತನದಲ್ಲಿ 34 ವರ್ಷ ಒಂದೇ ಕಡೆ ಅಖಂಡವಾಗಿ ದುಡಿದಿದ್ದರೆ ಹತ್ತೊಂಬತ್ತೂವರೆ ಲಕ್ಷಕ್ಕೂ ಮಿಗಿಲಾಗುತ್ತಿತ್ತು. ಈ ವ್ಯತ್ಯಾಸವನ್ನು ಅಮೆರಿಕೆಯ ಉಳಿತಾಯ ಸುಲಭವಾಗಿ ತುಂಬಿಕೊಟ್ಟೀತು. ಗ್ರಾಚ್ಯುಟಿಯೊಂದಕ್ಕಾಗಿ ಅವಕಾಶವನ್ನು ಬಿಡೆಂದು ನಾನಂತೂ ಹೇಳಲಾರೆ.

ನಿಜವಾದ ನಷ್ಟ ಮನೆಯ ಇನ್ನೊಂದು ಸೇವಾವಧಿಯದು. ಈ ಎಂಜಿನಿಯರನ ಪತ್ನಿ ಪುಣೆಯ ಶಾಲೆಯೊಂದರಲ್ಲಿ ಏಳು ವರ್ಷಗಳಿಂದ ಶಿಕ್ಷಕಿಯೆನ್ನೋಣ. ಅವಲಂಬಿತರ ಎಚ್-4 ವೀಸಾದಲ್ಲಿ ನೌಕರಿಗೆ ಸಾಮಾನ್ಯವಾಗಿ ಅನುಮತಿಯಿಲ್ಲ. ಪತಿಯ ಗ್ರೀನ್ ಕಾರ್ಡಿನ ಕೋರಿಕೆ ಒಂದು ಹಂತ ದಾಟಿದ ಮೇಲೆ ಮಾತ್ರ ಕೆಲವರಿಗೆ 2015ರಿಂದ ಅದು ದೊರೆಯುತ್ತಿದೆ. ಆಕೆ ಮರಳುವ ಹೊತ್ತಿಗೆ ಕಾಯಂ ಹುದ್ದೆ ಬೇರೊಬ್ಬರ ಪಾಲಾಗಿರುತ್ತದೆ. ಮೂವತ್ತೆಂಟರ ಸುಮಾರಿಗೆ ತಾತ್ಕಾಲಿಕ ಹುದ್ದೆಯಿಂದ ಪುನಃ ಪ್ರಾರಂಭ. ಆಕೆಯ ಮುಂದಿನ ಇಪ್ಪತ್ತು ವರ್ಷಗಳ ವೇತನದಲ್ಲಿ ಆಗುವ ಕೊರತೆಯನ್ನು ಪತಿಯ ಡಾಲರುಗಳಿಂದ ಕಳೆದು ನೋಡಿದ ಮನೆಗಳು ಎಷ್ಟಿವೆಯೋ!

ಈ ದೃಷ್ಟಿಯಿಂದ ಪುಣೆಯವರಿಗೆ ಜರ್ಮನಿಯ ದಾರಿ ಹೆಚ್ಚು ಗಮನಾರ್ಹ. ಚಾಕಣದ ಸುತ್ತ ಜರ್ಮನ್ ಕಂಪನಿಗಳುಂಟು, ಭಾಷೆ ಕಲಿಯಲು ಮ್ಯಾಕ್ಸ್ ಮುಲ್ಲರ್ ಭವನವುಂಟು. ಎರಡು ದೇಶಗಳ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ. ಇಲ್ಲಿಯ ಕಂಪನಿಯೇ ನಿಯೋಜಿಸಿ ಕಳುಹಿಸಿದವನು ಭವಿಷ್ಯನಿಧಿ ಸಂಸ್ಥೆಯಿಂದ ವ್ಯಾಪ್ತಿ ಪ್ರಮಾಣಪತ್ರ ಪಡೆದರೆ 48 ತಿಂಗಳವರೆಗೆ ಅಲ್ಲಿಯ ಪಿಂಚಣಿ ವಂತಿಗೆ ಕಟ್ಟಬೇಕಾಗಿಲ್ಲ. ಭವಿಷ್ಯನಿಧಿ ಇಲ್ಲಿಯೇ ಬೆಳೆಯುತ್ತದೆ, ಸೇವೆಯೂ ತುಂಡಾಗದು. ಅಲ್ಲಿಯ ನೌಕರಿಗೇ ಸೇರಿದರೆ ಪಿಂಚಣಿಗೆ 60 ತಿಂಗಳ ವಂತಿಗೆ ಬೇಕು. ಕಡಿಮೆ ಬಿದ್ದರೆ ಭಾರತದ ಸೇವಾವಧಿಯನ್ನು ಕೂಡಿಸಿ ಅರ್ಹತೆಯನ್ನು ನಿರ್ಣಯಿಸುತ್ತಾರೆ. ವೇತನ ಅಮೆರಿಕೆಯಷ್ಟಿರಲಿಕ್ಕಿಲ್ಲ. ಆದರೂ ನಾಲ್ಕೈದು ವರ್ಷಗಳಲ್ಲಿ ಮರಳುವುದು ಖಚಿತವಿರುವವನಿಗೆ, ರಾಜೀನಾಮೆಯಿತ್ತು ಪಡೆಯುವ ದೊಡ್ಡ ಸಂಬಳಕ್ಕಿಂತ ನಿಯೋಜನೆಯ ಸಣ್ಣ ಭತ್ಯೆಯೇ ಮೇಲೆಂದು ನಾನು ತಿಳಿಯುತ್ತೇನೆ. ಅಮೆರಿಕೆಗೆ ಹೋಗುವುದಾದರೆ ಹತ್ತು ವರ್ಷ ನಿಲ್ಲುವ ಸಿದ್ಧತೆಯಿರಲಿ. ಇಲ್ಲವೆ ಆ ಕಡಿತದ ಹಣ ಹೋಯಿತೆಂದೇ ತಿಳಿದು ಹೊರಡಲಿ.

ಆರೋಗ್ಯದ ವಿಷಯವೊಂದನ್ನು ಇಲ್ಲಿಯೇ ಹೇಳಬೇಕು. ಹೊರಡುವಾಗ ಇಲ್ಲಿಯ ಕಂಪನಿಯ ಸಾಮೂಹಿಕ ವಿಮೆ ನೌಕರಿಯೊಡನೆಯೇ ಮುಗಿಯುತ್ತದೆ. ಅದರಲ್ಲಿ ತಂದೆತಾಯಿಯರು ಸೇರಿದ್ದರೆ ಅವರ ರಕ್ಷಣೆಯೂ ಅಂದೇ ತಪ್ಪುತ್ತದೆ. ಎಪ್ಪತ್ತರ ತಂದೆಗೆ ಆಮೇಲೆ ಹೊಸ ವಿಮೆ ಕೊಂಡರೆ, ಮೊದಲೇ ಇರುವ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಚಿಕಿತ್ಸೆಗೆ ಮೂರು ವರ್ಷಗಳವರೆಗೆ ಹಣ ದೊರೆಯದಿರಬಹುದು. ಆದುದರಿಂದ ಹೊರಡುವ ಮೂರು ವರ್ಷ ಮೊದಲೇ ತಂದೆತಾಯಿಯರ ಹೆಸರಿನಲ್ಲಿ ಸ್ವತಂತ್ರ ವಿಮೆ ಮಾಡಿಸಿ, ಇರುವ ರೋಗಗಳನ್ನೆಲ್ಲ ಮುಚ್ಚಿಡದೆ ಬರೆಯಿಸಿ, ಪರದೇಶದಲ್ಲಿದ್ದಾಗಲೂ ಪ್ರತಿವರ್ಷ ಕಂತು ತಪ್ಪದಂತೆ ಬ್ಯಾಂಕಿಗೆ ಸೂಚನೆಯಿತ್ತು ಹೋಗಬೇಕು. ತನಗೂ ಪತ್ನಿಗೂ ಒಂದನ್ನು ಮಾಡಿಸಿಟ್ಟರೆ, ಮರಳಿ ಬಂದಾಗ ಹೊಸದಾಗಿ ಕಾಯಬೇಕಾಗಿ ಬರುವುದಿಲ್ಲ.