ಗಿಡ್ಡ ಕೈಗೂ ಒಗ್ಗಲಿ ಬಾರ್ಬೆಲ್

‘ಇನ್ನೂ ಬಗ್ಗು, ಇನ್ನೂ ಸ್ವಲ್ಪ ಬಗ್ಗು’. ಡೆಡ್‌ಲಿಫ್ಟ್ ಮಾಡಲು ಹೋದ ಕುಳ್ಳಗಿನವರಿಗೆ ಜಿಮ್‌ನಲ್ಲಿ ಸಿಗುವ ಸಲಹೆ ಬಹುತೇಕ ಇಷ್ಟೇ. ನನ್ನ ಪ್ರಕಾರ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಅಳತೆ ಟೇಪು.

ಸ್ಪರ್ಧೆಗಳಲ್ಲಿ ಬಳಸುವ ದೊಡ್ಡ ಪ್ಲೇಟಿನ ವ್ಯಾಸ 45 ಸೆಂ.ಮೀ. ಹಾಗಾಗಿ ಬಾರ್ ನೆಲದಿಂದ 22.5 ಸೆಂ.ಮೀ. ಎತ್ತರದಲ್ಲಿರುತ್ತದೆ. ಕಗ್ಗದಾಸಪುರದ ನಮ್ಮ ಜಿಮ್‌ನಲ್ಲಿ 10 ಕೆ.ಜಿ.ಯ ಕಬ್ಬಿಣದ ಪ್ಲೇಟು ಹಾಕಿ ಅಳೆದಾಗ ಬಾರ್ ಇದ್ದದ್ದು 14 ಸೆಂ.ಮೀ.ನಲ್ಲಿ. ಅಂದರೆ ಕಡಿಮೆ ತೂಕ ಎತ್ತುವ ಹೊಸಬರೇ 8.5 ಸೆಂ.ಮೀ. ಹೆಚ್ಚು ಬಗ್ಗಬೇಕು! ಉದ್ದ ಕೈಯವರು ಹೇಗೋ ಸಂಭಾಳಿಸುತ್ತಾರೆ. ಕೈ ಗಿಡ್ಡವಾಗಿದ್ದರೆ ಆ ಕೊರತೆಯನ್ನು ತುಂಬುವುದು ಸೊಂಟ. ಗೆಳೆಯರಿಂದ ಪಕ್ಕದಿಂದ ವಿಡಿಯೊ ಮಾಡಿಸಿ ನೋಡಿ: ಬಾರ್ ನೆಲ ಬಿಡುವ ಮೊದಲೇ ಕೆಳಬೆನ್ನು ಗೂನಾಗಿದ್ದರೆ ಎತ್ತರ ಸರಿಯಿಲ್ಲ ಎಂದೇ ಅರ್ಥ.

ಪರಿಹಾರ ಸುಲಭ. ಎರಡೂ ಬದಿಯ ಪ್ಲೇಟುಗಳ ಕೆಳಗೆ ಸಮನಾಗಿ ದಪ್ಪ ರಬ್ಬರ್ ಮ್ಯಾಟ್ ಪೇರಿಸಿ, ಬಾರನ್ನು 22.5 ಸೆಂ.ಮೀ.ಗೆ ತನ್ನಿ. ಆಗಲೂ ಬೆನ್ನು ಗೂನಾದರೆ ಸುಮೊ ಶೈಲಿ ಪ್ರಯತ್ನಿಸಿ. ಕಾಲುಗಳನ್ನು ಅಗಲಿಸಿ, ಪಾದಗಳನ್ನು ಹೊರಕ್ಕೆ ತಿರುಗಿಸಿ, ಕಾಲುಗಳ ನಡುವಿನಿಂದ ಬಾರ್ ಹಿಡಿದರೆ ಮುಂಡ ಅಷ್ಟಾಗಿ ಬಾಗಬೇಕಿಲ್ಲ. ಆದರೆ ಒಳತೊಡೆಯ ಮೇಲೆ ಒತ್ತಡ ಹೆಚ್ಚು. ಎಲ್ಲರ ಸೊಂಟದ ಕೀಲಿಗೂ ಅದು ಒಗ್ಗುವುದಿಲ್ಲ. ಒಗ್ಗದವರು ಇನ್ನೊಂದು ಮ್ಯಾಟ್ ಸೇರಿಸಿಕೊಳ್ಳಲಿ.

ಬೆಂಚ್ ಪ್ರೆಸ್‌ನಲ್ಲಿ ಗಿಡ್ಡ ಕೈ ಅನುಕೂಲವೇ. ಬಾರ್ ಸಾಗಬೇಕಾದ ದೂರ ಕಡಿಮೆ. ತೊಡಕಿರುವುದು ಬೆಂಚು ಮತ್ತು ಕೊಕ್ಕೆಯಲ್ಲಿ. ಹಿಮ್ಮಡಿ ನೆಲಕ್ಕೆ ತಾಗದಿದ್ದರೆ ದೇಹ ಅಲುಗಾಡುತ್ತದೆ. ಎರಡೂ ಪಾದಗಳ ಕೆಳಗೆ ಒಂದೊಂದು ಅಗಲ ಪ್ಲೇಟು ಇಟ್ಟುಕೊಳ್ಳಿ. ಸ್ಪರ್ಧೆಯ ನಿಯಮಗಳಲ್ಲೂ ಇದಕ್ಕೆ ಅವಕಾಶವಿದೆ. ಕೊಕ್ಕೆ ಎತ್ತರದಲ್ಲಿದ್ದರೆ ಬಾರ್ ಬಿಡಿಸಿಕೊಳ್ಳಲು ಭುಜವನ್ನೇ ಬೆಂಚಿನಿಂದ ಮೇಲೆತ್ತಬೇಕಾಗುತ್ತದೆ. ಬಾರ್ ಹಿಡಿದಾಗ ಮೊಣಕೈ ತುಸು ಮಡಚಿರುವಷ್ಟು ಕೊಕ್ಕೆಯನ್ನು ಇಳಿಸಿ. ಇಳಿಸಲಾಗದ ಬೆಂಚಾದರೆ ಬಾರ್ ಎತ್ತಿಕೊಡಲು ಜೊತೆಗೊಬ್ಬರು ಇರಲಿ.

ಇನ್ನು ಹಿಡಿತ. ಬಾರ್ ಮೇಲಿನ ಗುರುತುಗಳ ನಡುವಿನ 81 ಸೆಂ.ಮೀ. ಅಂತರ ಸ್ಪರ್ಧೆಯ ಗರಿಷ್ಠ ಮಿತಿ. ಎಲ್ಲರೂ ಅಲ್ಲೇ ಹಿಡಿಯಬೇಕೆಂದಿಲ್ಲ. ಬಾರ್ ಎದೆಗೆ ತಾಗಿದಾಗ, ಕಾಲಿನ ಕಡೆ ನಿಂತು ನೋಡುವವರಿಗೆ ನಿಮ್ಮ ಮುಂಗೈ ನೆಟ್ಟಗೆ ಕಂಡರೆ ಅದೇ ನಿಮ್ಮ ಹಿಡಿತ.

ಬೆಂಗಳೂರಿನ ಫರ್ಮಾನ್ ಬಾಷಾ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರ ಎತ್ತಿದ್ದು ಕಾಲುಗಳನ್ನೂ ಮೇಲೆಯೇ ಚಾಚಿಕೊಳ್ಳುವ ಉದ್ದದ ಬೆಂಚಿನ ಮೇಲೆ. ಅಲ್ಲಿ ದೇಹಕ್ಕೆ ತಕ್ಕಂತೆ ಬೆಂಚನ್ನೇ ರೂಪಿಸಿದ್ದಾರೆ. ಬಡಾವಣೆಯ ಜಿಮ್ ಅಷ್ಟು ದೂರ ಹೋಗಬೇಕಿಲ್ಲ. ನಾಲ್ಕು ಮ್ಯಾಟು, ಒಂದು ಟೇಪು ಇಟ್ಟರೆ ಸಾಕು. ತಿಂಗಳ ಶುಲ್ಕವನ್ನು ಕುಳ್ಳಗಿನವರೂ ಪೂರ್ತಿಯಾಗಿಯೇ ಕಟ್ಟುತ್ತಾರಲ್ಲ!